ಊಟದ ನಂತರದ ಉರಿ: ಯಾವಾಗ ಅಸಿಡಿಟಿ, ಯಾವಾಗ ಅಲ್ಸರ್?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಜನ ಇಟ್ಟ ಹೆಸರು ಮಿಷನ್ ಆಸ್ಪತ್ರೆ. 1950-60ರ ದಶಕಗಳಲ್ಲಿ ಅಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಫ್ರಾಂಕ್ ಟೋವಿ, ಹೊಟ್ಟೆಯ ಹುಣ್ಣಿನ ಬೆನ್ನು ಹತ್ತಿದರು. ಅಕ್ಕಿ ಉಣ್ಣುವ ದಕ್ಷಿಣ ಭಾರತದಲ್ಲಿ ಸಣ್ಣ ಕರುಳಿನ ಆರಂಭದ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಪಂಜಾಬಿನ ಕಡೆ ಕಡಿಮೆ ಎಂಬುದು ಅವರ ಗಮನಕ್ಕೆ ಬಂತು. ದಕ್ಷಿಣದ ರೋಗಿಗಳಲ್ಲಿ ಹಳೆಯ ಹುಣ್ಣು ಮಾಯುತ್ತ ಜಠರದ ಕೆಳಬಾಯಿಯೇ ಕಿರಿದಾಗುತ್ತಿತ್ತು. ನಿನ್ನೆ ಉಂಡ ಅನ್ನ ಇವತ್ತು ವಾಂತಿಯಲ್ಲಿ ಹೊರಬರುತ್ತಿತ್ತು. ಆಗ ಆಪರೇಷನ್ನೇ ಗತಿ.

ಆ ಕಾಲದ ವೈದ್ಯರ ಲೆಕ್ಕದಲ್ಲಿ ಅಪರಾಧಿ ಒಂದೇ, ಆಮ್ಲ. ಆಮ್ಲವಿಲ್ಲದಿದ್ದರೆ ಹುಣ್ಣಿಲ್ಲ ಎಂದು ಕಾರ್ಲ್ ಶ್ವಾರ್ಟ್ಸ್ 1910ರಲ್ಲೇ ಹೇಳಿದ್ದರು. ಹಾಗಾಗಿ ರೋಗಿಗಳಿಗೆ ಗಂಟೆಗೊಮ್ಮೆ ಹಾಲು, ಕೆನೆ ಕುಡಿಸುವ ಪಥ್ಯ ಬಂತು. ಆಮ್ಲ ಸುರಿಸುವಂತೆ ಜಠರಕ್ಕೆ ಸೂಚನೆ ಒಯ್ಯುವ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಬಂತು. 1976ರಲ್ಲಿ ಸಿಮೆಟಿಡಿನ್ ಮಾತ್ರೆ ಬಂದಾಗ ಹುಣ್ಣು ವಾರಗಳಲ್ಲಿ ಮಾಯತೊಡಗಿತು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಂದಿತು. ಒಂದೇ ತೊಡಕೆಂದರೆ, ಮಾತ್ರೆ ನಿಲ್ಲಿಸಿದ ಬಹಳ ಮಂದಿಗೆ ವರ್ಷದೊಳಗೆ ಹುಣ್ಣು ಮರುಕಳಿಸುತ್ತಿತ್ತು.

ಹುಣ್ಣು ಮತ್ತೆ ಮತ್ತೆ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ಜಠರದ ಒಳಪೊರೆಯ ತುಣುಕುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ರಾಬಿನ್ ವಾರೆನ್ 1979ರಲ್ಲಿ ಗುರುತಿಸಿದ್ದರು. ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿ ಅವನ್ನು ಬೆಳೆಸಲು ಹೊರಟರೆ ತಟ್ಟೆಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಎರಡು ದಿನ ನೋಡಿ ಎಸೆಯುವುದು ಪ್ರಯೋಗಾಲಯದ ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು. ನಂಬದವರ ಮುಂದೆ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. 2005ರ ನೊಬೆಲ್ ಈ ಇಬ್ಬರಿಗೆ ಬಂತು. ಆ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿ.

ಎರಡನೆಯ ಕಾರಣ ನೋವಿನ ಮಾತ್ರೆಗಳು. ಜಠರದ ಒಳಪೊರೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನು ಆಸ್ಪಿರಿನ್ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೂಡ ಅದೇ ದಾರಿಯವು.

ಎಂಡೋಸ್ಕೋಪಿ ಎಲ್ಲೆಡೆ ಬಂದ ಮೇಲೆ ಹಳೆಯ ನಂಬಿಕೆಯೊಂದು ಸಡಿಲವಾಯಿತು. ಹಸಿದಾಗ ನೋವು ಬಂದರೆ ಕರುಳಿನ ಹುಣ್ಣು, ಉಂಡ ಮೇಲೆ ಬಂದರೆ ಜಠರದ ಹುಣ್ಣು ಎಂದು ಪಠ್ಯಗಳು ಹೇಳುತ್ತಿದ್ದವು. ಕ್ಯಾಮೆರಾ ಇಳಿಸಿ ನೋಡಿದರೆ ಊಟದ ನಂತರ ಉರಿ ಎನ್ನುವ ಬಹುಪಾಲು ಜನರ ಜಠರದಲ್ಲಿ ಹುಣ್ಣೇ ಇರಲಿಲ್ಲ. ಕೆಲವರಿಗೆ ಆಮ್ಲ ಅನ್ನನಾಳಕ್ಕೆ ಮೇಲೇರಿ ಎದೆಯುರಿ, ಹುಳಿತೇಗು ಬರುತ್ತಿತ್ತು. ಉಳಿದವರ ಜಠರ ನೋಡಲು ಚೆನ್ನಾಗಿದ್ದರೂ ಊಟ ಬಿದ್ದೊಡನೆ ನೋವು ಕೊಡುತ್ತಿತ್ತು. ಬರೀ ಉರಿಯ ಲಕ್ಷಣ ಕೇಳಿ ಅಸಿಡಿಟಿ, ಅಲ್ಸರ್ ಎಂದು ಬೇರ್ಪಡಿಸಲು ಆಗದು.

ಆದ್ದರಿಂದ ಈಗಿನ ವೈದ್ಯರು ಉರಿಯ ಜೊತೆ ಇನ್ನೇನಿದೆ ಎಂದು ಕೇಳುತ್ತಾರೆ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದೆಯೇ? ವಾಂತಿಯಲ್ಲಿ ರಕ್ತ ಬಂತೇ? ಕಾರಣವಿಲ್ಲದೆ ತೂಕ ಇಳಿದಿದೆಯೇ, ನುಂಗಲು ಕಷ್ಟವೇ, ವಾಂತಿ ನಿಲ್ಲುತ್ತಿಲ್ಲವೇ, ರಕ್ತಹೀನತೆ ಇದೆಯೇ? ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮುಂದೂಡುವಂತಿಲ್ಲ. ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಉರಿಗೂ ಇದೇ ನಿಯಮ. ಅಮೆರಿಕದ ಮಾರ್ಗಸೂಚಿ 60 ಎನ್ನುತ್ತದೆ, ನಮ್ಮಲ್ಲಿ ಅನೇಕ ವೈದ್ಯರು ಇನ್ನೂ ಮೊದಲೇ ನೋಡುತ್ತಾರೆ. ಮೆಟ್ಟಿಲು ಹತ್ತಿದಾಗ ಬರುವ ಉರಿ, ಬೆವರು, ಕೈಗೆ ಹರಿಯುವ ನೋವು ಇದ್ದರೆ ಮೊದಲು ಆಗಬೇಕಾದದ್ದು ಇಸಿಜಿ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. 54ರ ದರ್ಜಿಯೊಬ್ಬರು ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫಿನ್ಯಾಕ್ ತಂದು ಎರಡು ತಿಂಗಳಿಂದ ನುಂಗುತ್ತಿದ್ದಾರೆ. ಊಟದ ನಂತರ ಉರಿ. ಗ್ಯಾಸ್ಟ್ರಿಕ್ ಎಂದು ಸಿರಪ್ ಕುಡಿಯುತ್ತಾರೆ. ವಾರದಿಂದ ಮಲ ಕಪ್ಪಗಾಗಿದೆ, ನಡೆದರೆ ಏದುಸಿರು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಇವರು ಅದನ್ನು ತೆಗೆದುಕೊಂಡಿಲ್ಲ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಾಣುತ್ತದೆ. ಹುಣ್ಣಿನಂಚಿನ ತುಣುಕು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಲು ಬಯಾಪ್ಸಿಗೆ ಹೋಗುತ್ತದೆ. ಇನ್ನೊಂದು ತುಣುಕನ್ನು ಯೂರಿಯಾ ಇರುವ ಹಳದಿ ಜೆಲ್‌ನಲ್ಲಿ ಇಟ್ಟರೆ ಅದು ಗುಲಾಬಿಗೆ ತಿರುಗುತ್ತದೆ. ಪೈಲೋರಿ ಇದೆ ಎಂದರ್ಥ. ನೋವಿನ ಮಾತ್ರೆ ನಿಲ್ಲುತ್ತದೆ, ಎರಡು ವಾರ ಆಂಟಿಬಯೋಟಿಕ್‌ಗಳ ಜೊತೆ ಆಮ್ಲ ತಗ್ಗಿಸುವ ಮಾತ್ರೆ ನಡೆಯುತ್ತದೆ. ಜಠರದ ಹುಣ್ಣಾದ್ದರಿಂದ ಮಾಯ್ದಿದೆಯೇ ಎಂದು ಸುಮಾರು ಎರಡು ತಿಂಗಳಲ್ಲಿ ಮತ್ತೆ ಎಂಡೋಸ್ಕೋಪಿ ಮಾಡುತ್ತಾರೆ.

ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಉಸಿರಿನ ಪರೀಕ್ಷೆಯಿಂದ ತಿಳಿಯುತ್ತದೆ. ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ, ಆಮ್ಲದ ಮಾತ್ರೆ ನಿಲ್ಲಿಸಿ ಎರಡು ವಾರ ಕಳೆದಿರಬೇಕು. ಅದಕ್ಕೆ ಮೊದಲೇ ಮಾಡಿಸಿದರೆ ಬ್ಯಾಕ್ಟೀರಿಯಾ ಉಳಿದಿದ್ದರೂ ಫಲಿತಾಂಶ ಇಲ್ಲವೆಂದೇ ಬರಬಹುದು.