ಗಾಡಿ ಖರಾಬಾಯ್ತು, ಸ್ವಾಹಿಲಿಯಲ್ಲಿ

ಎರಡು ವರ್ಷದ ಹಿಂದಿನ ಮಾತು. ಆರ್‌ಪಿಸಿ ಲೇಔಟಿನ ನಮ್ಮ ಮನೆ ಮುಂದೆ ನನ್ನ ಹಳೇ ಕಾರು ಸ್ಟಾರ್ಟ್ ಆಗದೆ ಮೊಂಡು ಹಿಡಿದು ನಿಂತಿತ್ತು. ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗ ತಳ್ಳೋಕೆ ಇಳಿದು ಬಂದ. ತಾಂಜಾನಿಯಾದವನು, ಇಲ್ಲಿ ಓದೋಕೆ ಬಂದಿದ್ದವನು. ನಾನು ಅಭ್ಯಾಸಬಲದಿಂದ "ಗಾಡಿ ಖರಾಬಾಯ್ತಪ್ಪಾ" ಅಂದೆ. ಅವನು ತಳ್ಳೋದು ಬಿಟ್ಟು ನನ್ನ ಮುಖ ನೋಡಿದ. "ಅಂಕಲ್, ನಾವೂ ಹಾಗೇ ಅಂತೀವಿ. ಗಾರಿ ಲಿಮೆಹರಿಬಿಕಾ!"

ಗಾರಿ ಅಂದ್ರೆ ನಮ್ಮ ಗಾಡಿಯೇ. ಹಿಂದೂ ಮಹಾಸಾಗರದ ಆಚೆ ದಡಕ್ಕೆ ಇಲ್ಲಿಂದ ಹೋದ ಮಾತು. ಹರಿಬಿಕಾ ಅನ್ನೋದರ ಬೇರು ಅರಬ್ಬಿ. ನಮ್ಮ ಖರಾಬು ಬಂದದ್ದೂ ಅದೇ ಬೇರಿಂದ. ಹಾಗಾದ್ರೆ ಮಧ್ಯದಲ್ಲಿರೋ ಆ 'ಲಿಮೆ' ಏನು? ಆ ಪ್ರಶ್ನೆಯಿಂದ ಶುರುವಾದದ್ದು ನನ್ನ ಸ್ವಾಹಿಲಿ ಹುಚ್ಚು.

'ಮೆ' ಅನ್ನೋದು ಕೆಲಸ ಮುಗಿದಿದೆ ಅಂತ ಹೇಳುತ್ತೆ. 'ಲಿ' ಇದೆಯಲ್ಲ, ಅದು ಗಾರಿಯ ಗುರುತು. ಸ್ವಾಹಿಲಿಯಲ್ಲಿ ಪ್ರತಿ ನಾಮಪದವೂ ಒಂದಲ್ಲ ಒಂದು ಗುಂಪಿಗೆ ಸೇರಿದ್ದು. ಆ ಗುಂಪಿನ ಗುರುತನ್ನ ವಾಕ್ಯದ ಬೇರೆ ಪದಗಳೂ ಮುಂದುಗಡೆ ತೊಟ್ಟುಕೊಳ್ಳಬೇಕು. ಉದಾಹರಣೆಗೆ ಇದನ್ನ ನೋಡಿ:

ಗಾರಿ ಲಂಗು ಜಿಪ್ಯ ಲಿಮೆಹರಿಬಿಕಾ.
ಮಗಾರಿ ಯಂಗು ಮಪ್ಯ ಯಮೆಹರಿಬಿಕಾ.

ಮೊದಲನೆಯದು 'ನನ್ನ ಹೊಸ ಗಾಡಿ ಕೆಟ್ಟಿದೆ', ಎರಡನೆಯದು 'ನನ್ನ ಹೊಸ ಗಾಡಿಗಳು ಕೆಟ್ಟಿವೆ'. ಕನ್ನಡದಲ್ಲಿ ಬದಲಾಗಿದ್ದು ಎರಡೇ ಪದ, ಗಾಡಿ ಮತ್ತು ಕೆಟ್ಟಿದೆ. ಅದೂ ಬಾಲದಲ್ಲಿ. 'ನನ್ನ', 'ಹೊಸ' ತಮಗೇನೂ ಸಂಬಂಧವಿಲ್ಲ ಅನ್ನೋ ಹಾಗೆ ಕೂತಿವೆ. ಸ್ವಾಹಿಲಿಯಲ್ಲಿ ನಾಲ್ಕಕ್ಕೆ ನಾಲ್ಕೂ ಬದಲಾದವು, ಎಲ್ಲವೂ ತಲೆಯಲ್ಲಿ. 'ಅಂಗು' ಅಂದ್ರೆ ನನ್ನ, ಅದು ಲಂಗು, ಯಂಗು ಆಯ್ತು. 'ಪ್ಯ' ಅಂದ್ರೆ ಹೊಸ, ಅದು ಜಿಪ್ಯ, ಮಪ್ಯ ಆಯ್ತು. ಗುರುತು ಎಲ್ಲ ಪದಕ್ಕೂ ಒಂದೇ ರೂಪದಲ್ಲಿ ಬರೋದಿಲ್ಲ ಅನ್ನೋದನ್ನೂ ಗಮನಿಸಿ. ಗುಣವಾಚಕಕ್ಕೆ 'ಮ' ಬಂದ್ರೆ ಕ್ರಿಯಾಪದಕ್ಕೆ 'ಯ' ಬಂದಿದೆ.

ಕಲಿಯೋರು ಎಡವೋದು ಇಲ್ಲೇ, ನಾನೂ ಎಡವಿದೆ. 'ಮ್ತು ಮ್ಕುಬ್ವ' ಅಂದ್ರೆ ದೊಡ್ಡ ಮನುಷ್ಯ, 'ಮ್ತಿ ಮ್ಕುಬ್ವ' ಅಂದ್ರೆ ದೊಡ್ಡ ಮರ. ಎರಡರ ಮೂತಿಯೂ ಒಂದೇ. ಆದ್ರೆ ಬಿದ್ದಾಗ ಮನುಷ್ಯ 'ಅಮೆಅಂಗುಕ', ಮರ 'ಉಮೆಅಂಗುಕ'. ಗುಂಪು ಯಾವುದು ಅಂತ ಪತ್ತೆ ಹಚ್ಚೋಕೆ ನಾಮಪದದ ಮುಖ ನೋಡಿದ್ರೆ ಸಾಲದು, ಕ್ರಿಯಾಪದದ ತಲೆ ನೋಡಬೇಕು. ಬಹುವಚನವನ್ನೂ ಒಮ್ಮೆ ಕೇಳಿಬಿಡೋದು ಒಳ್ಳೇದು: ಮನುಷ್ಯರು 'ವತು', ಮರಗಳು 'ಮಿತಿ'.

ಹೊರಗಿಂದ ಬಂದ ಪದಗಳು ಈ ವ್ಯವಸ್ಥೆಯೊಳಗೆ ಹೇಗೆ ಜಾಗ ಹಿಡಿದವು ಅನ್ನೋದು ನನಗೆ ಅತಿ ಹೆಚ್ಚು ಹಿಡಿಸಿದ ಭಾಗ. ಅರಬ್ಬಿಯ 'ಕಿತಾಬ್' ಸ್ವಾಹಿಲಿಗೆ ಬಂದು 'ಕಿತಾಬು' ಆಯ್ತು. ಅರಬ್ಬಿಯಲ್ಲಿ ಆ 'ಕಿ' ಪದದ ಅವಿಭಾಜ್ಯ ಅಂಗ, ಕಿತ್ತರೆ ಪದವೇ ಇಲ್ಲ. ಆದ್ರೆ ಸ್ವಾಹಿಲಿಯಲ್ಲಿ ಮೊದಲೇ 'ಕಿ' ಗುಂಪು ಅಂತೊಂದಿತ್ತು. ಕುರ್ಚಿ 'ಕಿತಿ', ಕುರ್ಚಿಗಳು 'ವಿತಿ'. ಚಾಕು 'ಕಿಸು', ಚಾಕುಗಳು 'ವಿಸು'. ಜನ ಕಿತಾಬನ್ನೂ ಅದೇ ಸಾಲಲ್ಲಿ ಕೂರಿಸಿ ಪುಸ್ತಕಗಳಿಗೆ 'ವಿತಾಬು' ಅಂದುಬಿಟ್ರು! ದೊಡ್ಡ ಪುಸ್ತಕ ಬಿದ್ದಿದೆ ಅನ್ನೋಕೆ 'ಕಿತಾಬು ಕಿಕುಬ್ವ ಕಿಮೆಅಂಗುಕ', ಪುಸ್ತಕಗಳಾದ್ರೆ 'ವಿತಾಬು ವಿಕುಬ್ವ ವಿಮೆಅಂಗುಕ'.

ನಮ್ಮ ಗಾಡಿಗೆ ಇಷ್ಟು ಭದ್ರವಾದ ಸೀಟು ಸಿಕ್ಕಿಲ್ಲ. ಪಠ್ಯಪುಸ್ತಕದಲ್ಲಿ 'ಗಾರಿ ಲಂಗು' ಅಂತಿದ್ರೂ ಆಡುಮಾತಿನಲ್ಲಿ 'ಗಾರಿ ಯಂಗು' ಧಾರಾಳವಾಗಿ ಕೇಳಿಸುತ್ತೆ. ಗುರುತಿಲ್ಲದ ಪರದೇಶಿ ಪದಗಳನ್ನ ತುಂಬಿಸೋ ಇನ್ನೊಂದು ಗುಂಪಿಗೆ ಜನ ಅದನ್ನ ತಳ್ಳುತ್ತಾ ಇದ್ದಾರೆ. ನಮ್ಮ ಹುಡುಗನೂ ಫೋನಿನಲ್ಲಿ ಹಾಗೇ ಅನ್ನುತ್ತಿದ್ದ, ನನಗೆ ಪಾಠ ಹೇಳುವಾಗ ಮಾತ್ರ ಲಂಗು :)

ಇನ್ನು 'ಸಾಫಿ'. ನಮ್ಮ 'ಸಾಫ್' ಇದರ ದಾಯಾದಿ, ಇದೂ ಅರಬ್ಬಿಯದ್ದೇ. ಒಂದು ಶುಚಿಯಾದ ಕುರ್ಚಿ 'ಕಿತಿ ಸಾಫಿ', ಹತ್ತಾದ್ರೂ 'ವಿತಿ ಸಾಫಿ'. ಹಿಂದೆ ಮುಂದೆ ಏನೂ ಇಲ್ಲ. ಅರಬ್ಬಿಯಿಂದ ಬಂದ ಗುಣವಾಚಕಗಳು ಸಾಮಾನ್ಯವಾಗಿ ಈ ಗುರುತು ತೊಡೋದಿಲ್ಲ, ಕುಬ್ವ, ಪ್ಯ ತರಹದ ಮನೆಯ ಮಕ್ಕಳು ತೊಡುತ್ತವೆ. ಆದ್ರೆ ಅದೇ ಅರಬ್ಬಿ ಬೇರಿನ ಹರಿಬಿಕಾ ಕ್ರಿಯಾಪದವಾದ್ದರಿಂದ ತೊಡಲೇಬೇಕು, ಅದಕ್ಕೆ ವಿನಾಯಿತಿಯಿಲ್ಲ. ಅಂದ್ರೆ ಈ ಸರಪಳಿ ಗುಣವಾಚಕದ ಹತ್ತಿರ ಕಡಿಯಬಹುದು, ಕ್ರಿಯಾಪದದ ಹತ್ತಿರ ಮತ್ತೆ ಕೂಡಿಕೊಳ್ಳುತ್ತೆ.

ಜೀವ ಇರೋ ಪದ ಬಂದ್ರೆ ಇನ್ನೊಂದು ತಮಾಷೆ. 'ಕಿಫಾರು' ಅಂದ್ರೆ ಘೇಂಡಾಮೃಗ. ಮುಖದಲ್ಲಿ ಕಿ ಇದೆ ಅಂತ 'ಕಿಕುಬ್ವ' ಅಂದೀರಿ, ತಪ್ಪು. ಪ್ರಾಣಿಯಾದ್ದರಿಂದ 'ಕಿಫಾರು ಮ್ಕುಬ್ವ', ಮನುಷ್ಯನಿಗೆ ಬರೋ ಗುರುತೇ. ಆದ್ರೆ ಮಿಲಿಟರಿಯವರ ಟ್ಯಾಂಕಿಗೂ ಕಿಫಾರು ಅಂತಲೇ ಹೆಸರು, ಅದಕ್ಕೆ ಮಾತ್ರ 'ಕಿಕುಬ್ವ'! ಪದ ಅದೇ, ಉಸಿರಾಡುತ್ತೋ ಇಲ್ಲವೋ ಅನ್ನೋದು ಪಕ್ಕದ ಪದದಿಂದ ಗೊತ್ತಾಗುತ್ತೆ. ಡ್ರೈವರಿಂದ ಹುಟ್ಟಿದ 'ದೆರೆವ' ಕೂಡ ಹೀಗೇ. ಬಹುವಚನಕ್ಕೆ ಗಾಡಿಯ ಹಾಗೆ 'ಮದೆರೆವ', ಬಂದಾಗ ಮಾತ್ರ ಮನುಷ್ಯರ ಹಾಗೆ 'ವಮೆಫಿಕ'.

ಇದನ್ನೆಲ್ಲ ಯುರೋಪಿನವರಿಗೆ ಮೊದಲು ವ್ಯಾಕರಣವಾಗಿ ಬರೆದುಕೊಟ್ಟವರು ಯಾರು ಅಂತ ಹುಡುಕಿದೆ. ಲುಡ್ವಿಗ್ ಕ್ರಾಪ್ಫ್ ಅನ್ನೋ ಜರ್ಮನ್ ಪಾದ್ರಿ. ಕಲಿತದ್ದು ಬಾಸೆಲ್ ಮಿಶನ್ನಿನ ಶಾಲೆಯಲ್ಲಿ. ಹೌದು, ನಮ್ಮ ಮೋಗ್ಲಿಂಗ್, ಕಿಟ್ಟೆಲ್ ಕಲಿತ ಅದೇ ಶಾಲೆ! ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. ಕ್ರಾಪ್ಫ್ ಬೇರೊಂದು ಮಿಶನ್ನಿನ ಪರವಾಗಿ 1844ರಲ್ಲಿ ಮೊಂಬಾಸಾ ಸೇರಿದ, ಅದೇ ವರ್ಷ ಅಲ್ಲೇ ಹೆಂಡತಿಯನ್ನ ಕಳಕೊಂಡ. ಅವನ ಸ್ವಾಹಿಲಿ ವ್ಯಾಕರಣ ಅಚ್ಚಾದದ್ದು 1850ರಲ್ಲಿ, ನಿಘಂಟು ಅವನು ತೀರಿಕೊಂಡ ಮರುವರ್ಷ, 1882ರಲ್ಲಿ. ಕಿಟ್ಟೆಲ್ ನಿಘಂಟು ಬರೋಕೆ ಇನ್ನೂ 12 ವರ್ಷ ಇತ್ತು. ಸ್ವಾಹಿಲಿಯವರು ಅದಕ್ಕೆ ಎಷ್ಟೋ ಮೊದಲೇ ಅರಬ್ಬಿ ಲಿಪಿಯಲ್ಲಿ ಕಾವ್ಯ ಬರೆದಿಟ್ಟಿದ್ದರು ಅನ್ನೋದನ್ನ ಮರೆಯಬಾರದು.

ಆಮೇಲೆ 1862ರಲ್ಲಿ ವಿಲ್ಹೆಲ್ಮ್ ಬ್ಲೀಕ್ ಅನ್ನೋ ಪಂಡಿತ ದಕ್ಷಿಣ ಆಫ್ರಿಕಾದ ಭಾಷೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ಗುಂಪುಗಳಿಗೆ ನಂಬರು ಹಾಕಿದ. ಏಕವಚನಕ್ಕೊಂದು, ಬಹುವಚನಕ್ಕೊಂದು. ಮುಂದೆ ಬಂದವರು ತಿದ್ದಿ ಬೆಳೆಸಿದ ಆ ಪದ್ಧತಿಯಲ್ಲಿ ಕಿ 7, ವಿ 8. ಸ್ವಾಹಿಲಿಯ ಪಟ್ಟಿ ಓದ್ತಾ ಹೋದ್ರೆ 11 ಆದ ಮೇಲೆ 12, 13 ಇರೋದೇ ಇಲ್ಲ. ಅಚ್ಚಿನ ತಪ್ಪು ಅಂದ್ಕೊಂಡಿದ್ದೆ! ಅವು ಪುಟ್ಟ ವಸ್ತುಗಳ ಗುಂಪುಗಳು. ಪಕ್ಕದ ಕಿಕುಯು ಭಾಷೆಯಲ್ಲಿ ಇವತ್ತಿಗೂ ಇವೆ, ಸ್ವಾಹಿಲಿ ಕಳಕೊಂಡಿದೆ. ಆ ಕೆಲಸವನ್ನ ಈಗ ಕಿ-ವಿ ಜೋಡಿಯೇ ಹೆಚ್ಚುವರಿಯಾಗಿ ಮಾಡುತ್ತೆ: ಮಗು 'ಮ್ತೊತೊ', ಪುಟಾಣಿ ಮಗು 'ಕಿತೊತೊ'. ಅಷ್ಟೊಂದು ಅರಬ್ಬಿ ಪದ ತುಂಬಿಕೊಂಡಿದ್ರೂ ಸ್ವಾಹಿಲಿ ಬಾಂಟು ಕುಟುಂಬದ್ದೇ ಅಂತ ಹೇಳೋಕೆ ಈ ಗುಂಪುಗಳೇ ದೊಡ್ಡ ಸಾಕ್ಷಿ. ಬಾಂಟು ಅನ್ನೋ ಹೆಸರಲ್ಲೂ ಇದೇ ಇದೆ. 'ಬಾ' ಬಹುವಚನದ ಗುರುತು, 'ನ್ಟು' ಮನುಷ್ಯ. ಸ್ವಾಹಿಲಿಯ 'ವತು' ಅದರದ್ದೇ ರೂಪ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಸ್ವಾಹಿಲಿ ಆಡ್ತಾರಾ ಅಂತ ಗೆಳೆಯರೊಬ್ಬರು ಕೇಳಿದ್ರು. ಇಲ್ಲ. ಅವರ ಹಿರಿಯರಲ್ಲಿ ಬಾಂಟು ನಾಡುಗಳಿಂದ ಬಂದವರಿದ್ದರು, ಆದ್ರೆ ಮನೆಮಾತು ಈಗ ಹೆಚ್ಚಾಗಿ ಕೊಂಕಣಿ ಬಗೆಯದು, ಜೊತೆಗೆ ಕನ್ನಡ. ಗುಲಾಮರಾಗಿ ಹಡಗು ಹತ್ತಿದವರ ಬಾಯಲ್ಲಿ ಆ ಕಿ-ವಿಗಳು ಯಾವ ತಲೆಮಾರಿನವರೆಗೆ ಉಳಿದಿದ್ದವೋ, ಬರೆದಿಟ್ಟುಕೊಳ್ಳೋಕೆ ಅಲ್ಲೊಬ್ಬ ಕ್ರಾಪ್ಫ್ ಇರಲಿಲ್ಲ.

ಅವತ್ತು ಕಾರು ತಳ್ಳಿದ್ರೂ ಸ್ಟಾರ್ಟ್ ಆಗಲಿಲ್ಲ. ಮಾರನೇ ದಿನ ನಾನು ಆಫೀಸಲ್ಲಿದ್ದಾಗ ಹುಡುಗನ ಮೆಸೇಜ್ ಬಂತು: "ಮಫುಂದಿ ವಮೆಫಿಕ". ಮೆಕ್ಯಾನಿಕ್‌ಗಳು ಬಂದಿದ್ದಾರೆ. ಗಾಡಿ ರಿಪೇರಿಯ ಖರ್ಚು ಕೇಳೋಕೂ ಮುಂಚೆ ನಾನು ನೋಡಿದ್ದು 'ವ' ಸರಿಯಾಗಿದೆಯಾ ಅಂತ. ಇತ್ತು.