ಬಲಗಡೆಯ ಚಿಕ್ಕವರ ಲೆಕ್ಕ: ಕೆಂಡಾಲ್‌ನಿಂದ ಫೆನ್ವಿಕ್‌ವರೆಗೆ

ಸಾಲಾಗಿ ಬರೆದ ಸಂಖ್ಯೆಗಳಲ್ಲಿ ಪ್ರತಿಯೊಂದರ ಬಲಕ್ಕೂ ಅದಕ್ಕಿಂತ ಚಿಕ್ಕವು ಎಷ್ಟಿವೆ? ಇದು ಸಂಖ್ಯಾಶಾಸ್ತ್ರದವರಿಗೆ ಬೇಕಾಗಿದ್ದ ಲೆಕ್ಕ. ಎರಡು ರ‍್ಯಾಂಕ್ ಪಟ್ಟಿಗಳು ಎಷ್ಟು ಹೊಂದುತ್ತವೆ ಎಂದು ಅಳೆಯಲು ಮಾರಿಸ್ ಕೆಂಡಾಲ್ 1938ರಲ್ಲಿ ಮುಂದಿಟ್ಟ ಟೌ ಗುಣಾಂಕದಲ್ಲಿ, ಕ್ರಮ ತಪ್ಪಿದ ಜೋಡಿಗಳನ್ನು ಎಣಿಸಲೇಬೇಕು. ಒಂದೊಂದೇ ಜೋಡಿ ಹೋಲಿಸುತ್ತ ಹೋದರೆ ಒಂದು ಲಕ್ಷ ಸಂಖ್ಯೆಗಳಿಗೆ ಸುಮಾರು 500 ಕೋಟಿ ಹೋಲಿಕೆಗಳಾಗುತ್ತವೆ. 1966ರಲ್ಲಿ ವಿಲಿಯಂ ನೈಟ್ ಮರ್ಜ್ ಸಾರ್ಟ್ ಮಾಡುತ್ತಲೇ ಎಣಿಸುವ ದಾರಿ ತೋರಿಸಿ ಈ ಹೊರೆ ಇಳಿಸಿದರು. ಅದರಿಂದ ಒಟ್ಟು ಮೊತ್ತ ಸುಲಭವಾಗಿ ಸಿಗುತ್ತದೆ. ಪ್ರತಿ ಸ್ಥಾನದ ಉತ್ತರ ಬೇಕೆಂದರೆ ಮಾತ್ರ ಮೂಲ ಸ್ಥಾನಗಳನ್ನೂ ಜೊತೆಗೆ ಹೊತ್ತು ಸಾಗಬೇಕು.

ಇನ್ನೊಂದು ದಾರಿ ಬಂದದ್ದು ದತ್ತಾಂಶ ಸಂಕೋಚನದ ಕಡೆಯಿಂದ. ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಫೆನ್ವಿಕ್ 1994ರಲ್ಲಿ, ಅಕ್ಷರಗಳ ಆವೃತ್ತಿಯ ಸಂಚಿತ ಮೊತ್ತವನ್ನು ಬೇಗ ತಿದ್ದಲು, ಬೇಗ ಓದಲು ಒಂದು ರಚನೆ ಪ್ರಕಟಿಸಿದರು. ಅದೇ ಬಗೆಯದನ್ನು ಬೋರಿಸ್ ರ‍್ಯಾಬ್ಕೊ 1989ರಲ್ಲೇ ಕೊಟ್ಟಿದ್ದರೂ ಹೆಸರು ಫೆನ್ವಿಕ್‌ಗೆ ಉಳಿಯಿತು.

40, 10, 70, 10, 30 ಎಂಬ ಸಾಲನ್ನು ತೆಗೆದುಕೊಳ್ಳೋಣ. ಈ ಲೆಕ್ಕಕ್ಕೆ ಫೆನ್ವಿಕ್ ಮರದಲ್ಲಿ ಬೆಲೆಯನ್ನೇ ಮನೆಯ ಸಂಖ್ಯೆಯಾಗಿ ಬಳಸುವುದರಿಂದ, 70ರವರೆಗೆ ಮನೆ ಕಟ್ಟುವುದು ದಂಡ. ಬೆಲೆ ನೂರು ಕೋಟಿಯಾದರೆ ಅಸಾಧ್ಯವೇ ಸರಿ. ನಮಗೆ ಬೇಕಾದದ್ದು ಯಾವುದು ಚಿಕ್ಕದು ಎಂಬುದಷ್ಟೇ. ಹಾಗಾಗಿ ಬೇರೆಬೇರೆ ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿ 10ಕ್ಕೆ 1, 30ಕ್ಕೆ 2, 40ಕ್ಕೆ 3, 70ಕ್ಕೆ 4 ಎಂದು ರ‍್ಯಾಂಕ್ ಕೊಡುತ್ತೇವೆ. ಇದೇ ಕೋಆರ್ಡಿನೇಟ್ ಕಂಪ್ರೆಷನ್.

ಈಗ ಬಲದಿಂದ ಎಡಕ್ಕೆ ನಡೆಯಬೇಕು. ಪ್ರತಿ ಸಂಖ್ಯೆಯ ರ‍್ಯಾಂಕ್ `r` ಆದರೆ, ಮೊದಲು `r-1`ರವರೆಗಿನ ಮೊತ್ತ ಓದಿ, ಆಮೇಲೆ `r`ಗೆ ಒಂದು ಸೇರಿಸಬೇಕು.

```python
def query(i):
    s = 0
    while i > 0:
        s += t[i]
        i -= i & -i
    return s

def add(i):
    while i <= m:
        t[i] += 1
        i += i & -i
```

ಇಲ್ಲಿ `m` ಕೊನೆಯ ರ‍್ಯಾಂಕ್. `t` ಸೊನ್ನೆಗಳಿಂದ ತುಂಬಿದ `m+1` ಮನೆಗಳ ಪಟ್ಟಿ. 30ಕ್ಕೂ ಅದರ ಎಡದ 10ಕ್ಕೂ ಸೊನ್ನೆ. 70ರ ಸರದಿಯಲ್ಲಿ `query(3)` ಮೂರನೆಯ, ಎರಡನೆಯ ಮನೆಗಳನ್ನು ಮಾತ್ರ ಮುಟ್ಟಿ 2 ಎನ್ನುತ್ತದೆ. ಮುಂದಿನ 10ಕ್ಕೆ ಮತ್ತೆ ಸೊನ್ನೆ. 40ರ ಹೊತ್ತಿಗೆ `t[2]` ಒಂದರಲ್ಲೇ ಎರಡು 10, ಒಂದು 30 ಸೇರಿ 3 ಸಿದ್ಧವಾಗಿರುತ್ತದೆ. ಉತ್ತರ 3, 0, 2, 0, 0. ಲಕ್ಷ ಸಂಖ್ಯೆಗಳಿದ್ದರೂ ಒಂದು ಓದಿಗೆ 17 ಮನೆ ದಾಟುವುದಿಲ್ಲ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. `query(r)` ಎಂದು ಬರೆದರೆ ಸಮ ಬೆಲೆಗಳೂ ಲೆಕ್ಕಕ್ಕೆ ಸೇರಿ, ಮೊದಲ 10ಕ್ಕೆ ಸೊನ್ನೆಯ ಬದಲು 1 ಬರುತ್ತದೆ. ಎಲ್ಲವೂ ಒಂದೇ ಆಗಿರುವ ಸಾಲು ಕೊಟ್ಟು ನೋಡಿದರೆ ಇದು ತಕ್ಷಣ ಬಯಲಾಗುತ್ತದೆ. ರ‍್ಯಾಂಕನ್ನು ಸೊನ್ನೆಯಿಂದ ಶುರುಮಾಡಿದರೆ `add(0)` ಎಂದೂ ಮುಗಿಯುವುದಿಲ್ಲ, ಏಕೆಂದರೆ ಸೊನ್ನೆಗೆ ಕೂಡಿಸುವುದೂ ಸೊನ್ನೆಯೇ.

2010ರಲ್ಲಿ ತಿಮೋಥಿ ಚಾನ್ ಮತ್ತು ಮಿಹಾಯ್ ಪತ್ರಾಷ್ಕು ಕ್ರಮ ತಪ್ಪಿದ ಜೋಡಿಗಳ ಎಣಿಕೆಯನ್ನು `O(n√log n)` ಸಮಯಕ್ಕೆ ಇಳಿಸಿದರು. ಸಿದ್ಧಾಂತದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಎಲ್ಲ ಬೆಲೆಗಳೂ ಮೊದಲೇ ಕೈಯಲ್ಲಿದ್ದು ರ‍್ಯಾಂಕ್ ಕೊಡಲು ಸಾಧ್ಯವಿರುವಲ್ಲಿ, ದಿನಬಳಕೆಗೆ ಮೇಲಿನ ಹತ್ತು ಸಾಲುಗಳೇ ನನ್ನ ಮೊದಲ ಆಯ್ಕೆ.