ಪೆರಂಬೂರಿನ ಗೋಡೆಗಳ ಬಿಳಿ ಉಪ್ಪು: ಕಡಲ ಗಾಳಿಯೇ ಕಾರಣವೇ?

ಇಟ್ಟಿಗೆ ಗೋಡೆಯ ಮೇಲೆ ಬಿಳಿ ಉಪ್ಪು ಮೂಡಬೇಕಾದರೆ ಕರಗುವ ಲವಣ ಬೇಕು, ಅದನ್ನು ಹೊತ್ತು ತರುವ ನೀರು ಬೇಕು, ಆ ನೀರು ಆವಿಯಾಗಲು ತೆರೆದ ಮೈ ಬೇಕು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ಲವಣ ಎಲ್ಲಿಂದ ಬಂತು ಎಂಬಲ್ಲಿಗೆ ಬಂದರೆ ಮಾತ್ರ ಎರಡು ಉತ್ತರಗಳು ಪರೀಕ್ಷೆಯಿಲ್ಲದೆ ಚಲಾವಣೆಯಲ್ಲಿವೆ: ಇಟ್ಟಿಗೆ ಕೆಟ್ಟದ್ದು ಎಂಬುದು ಒಂದು, ಕಡಲ ಗಾಳಿಯ ಉಪ್ಪು ಎಂಬುದು ಇನ್ನೊಂದು. 1856ರಲ್ಲಿ ರೈಲ್ವೆ ಕಾರ್ಯಾಗಾರ ಬಂದಂದಿನಿಂದ ಬೆಳೆದ ಚೆನ್ನೈನ ಪೆರಂಬೂರಿನಲ್ಲಿ, ಸುಣ್ಣದ ಗಾರೆಯ ಹಳೆಯ ಮನೆಗಳ ಬುಡದಲ್ಲಿ ಕಾಣುವ ಬಿಳಿ ಪಟ್ಟೆಗಳಿಗೆ ಇವೆರಡೂ ಸಾಲವು ಎಂಬುದು ನನ್ನ ವಾದ.

ಮೊದಲ ಉತ್ತರಕ್ಕೆ ಆಧಾರವಾಗಿರುವುದು ಐಎಸ್ 3495ರ ಮೂರನೆಯ ಭಾಗ. ಇಟ್ಟಿಗೆಯ ತುದಿಯನ್ನು 25 ಮಿ.ಮೀ. ಆಳದ ಭಟ್ಟಿ ಇಳಿಸಿದ ನೀರಿನಲ್ಲಿ ನಿಲ್ಲಿಸುತ್ತಾರೆ. ನೀರು ಹೀರಿ ಒಣಗಿದ ಮೇಲೆ ಮತ್ತೊಮ್ಮೆ ನೀರು ಕೊಟ್ಟು ಒಣಗಿಸಿ, ಮೈಮೇಲೆ ಎಷ್ಟು ಉಪ್ಪು ಮೂಡಿತೆಂದು ನೋಡುತ್ತಾರೆ. ಹೊಸ ಇಟ್ಟಿಗೆ ಕೊಳ್ಳುವವರಿಗೆ ಇದು ಒಳ್ಳೆಯ ಪರೀಕ್ಷೆ. ಆದರೆ ಇಲ್ಲಿ ನೀರು ಶುದ್ಧ, ಗಾರೆ ಇಲ್ಲ, ನೆಲವೂ ಇಲ್ಲ. ಹಾಗಾಗಿ ಸಿಕ್ಕ ಉಪ್ಪೆಲ್ಲ ಇಟ್ಟಿಗೆಯದೇ ಆಗುತ್ತದೆ. ಇಟ್ಟಿಗೆಯ ಉಪ್ಪಿಗೆ ಒಂದು ಮಿತಿಯಿದೆ. ಕೆಲವು ಮಳೆಗಾಲ ಕಳೆದರೆ ಅದು ತಗ್ಗಬೇಕು. ದಶಕಗಳಾದರೂ ನಿಲ್ಲದ ಉಪ್ಪಿಗೆ ನಿರಂತರ ಪೂರೈಕೆ ಇರಲೇಬೇಕು. ಲೀಟರಿಗೆ 1,000 ಮಿ.ಗ್ರಾಂ. ಲವಣವಿರುವ ನೆಲದ ನೀರು, ಒಂದು ಮೀಟರ್ ಉದ್ದದ ಗೋಡೆಯಿಂದ ದಿನಕ್ಕೆ ಅರ್ಧ ಲೀಟರ್ ಆವಿಯಾಗುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 180 ಗ್ರಾಂ ಉಪ್ಪು ಗೋಡೆಯಲ್ಲೇ ಉಳಿಯುತ್ತದೆ.

ಕಡಲ ಗಾಳಿಯ ವಾದ ಇದಕ್ಕಿಂತ ಗಟ್ಟಿ, ಏಕೆಂದರೆ ಕಡಲು ನಿಜವಾಗಿಯೂ ಹತ್ತಿರದಲ್ಲಿದೆ. ಆದರೆ ಗಾಳಿಯ ಉಪ್ಪು ಮುಖ್ಯವಾಗಿ ಅಡುಗೆ ಉಪ್ಪು. ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅದು ತೇವ ಹೀರಿ ತಾನೇ ಕರಗುತ್ತದೆ. ಈಶಾನ್ಯ ಮಾರುತದ ಮಳೆ ಮುಗಿದ ಮೇಲೆ ಚೆನ್ನೈನ ಬೆಳಗುಗಳಲ್ಲಿ ಆರ್ದ್ರತೆ ಅದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಆದ್ದರಿಂದ ಪಟ್ಟೆ ಬರೀ ಅಡುಗೆ ಉಪ್ಪಿನದಾಗಿದ್ದರೆ, ಬೆಳಗ್ಗೆ ಆರಕ್ಕೆ ಅದು ಕಪ್ಪಗೆ ಒದ್ದೆಯಾಗಿ ಕಾಣಬೇಕು, ಮಧ್ಯಾಹ್ನ ಮತ್ತೆ ಬೆಳ್ಳಗಾಗಬೇಕು. ಬೆಳಗಿನಲ್ಲೂ ಹತ್ತಿಯ ಎಳೆಯಂತೆ ಒಣಗಿ ನಿಂತಿರುವ ಬಿಳಿ ಉಪ್ಪು ಸೋಡಿಯಂ ಸಲ್ಫೇಟಿನತ್ತ ಬೆರಳು ತೋರುತ್ತದೆ, ಶೇ. 90ರ ಆಸುಪಾಸಿನವರೆಗೂ ಅದು ಹರಳಾಗಿಯೇ ಉಳಿಯಬಲ್ಲದು. ಸಲ್ಫೇಟಿನ ಮೂಲ ನೆಲದ ನೀರು, ಇಟ್ಟಿಗೆಯ ಮಣ್ಣು, ಮತ್ತು (ನನ್ನ ಅನುಮಾನ ಹೆಚ್ಚು ಇದರ ಮೇಲೆ) ಹಳೆಯ ಸುಣ್ಣದ ಗೋಡೆಗೆ ನಂತರ ಬಳಿದ ಸಿಮೆಂಟ್ ಗಾರೆ. ಇದನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ನೈಟ್ರೇಟ್ ಬೆರೆತ ಮಿಶ್ರ ಲವಣಗಳು ಇನ್ನೂ ಕಡಿಮೆ ಆರ್ದ್ರತೆಯಲ್ಲೇ ಕರಗುತ್ತವೆ. ಚರಂಡಿಗೆ ತಾಗಿದ ಗೋಡೆಯಲ್ಲಿ ಈ ಕಣ್ಣಳತೆ ಮೋಸ ಮಾಡಬಹುದು. ನೀರಿನಲ್ಲಿ ಕರಗದೆ, ಆಸಿಡ್ ಹನಿ ಬಿದ್ದೊಡನೆ ನೊರೆಯುವ ಬಿಳಿ ಪೊರೆಯಂತೂ ಸುಣ್ಣದ್ದು. ಅದರ ಲೆಕ್ಕವೇ ಬೇರೆ.

ಲವಣ ಯಾವುದೆಂಬುದರ ಮೇಲೆ ಸ್ವಚ್ಛತೆಯ ಕ್ರಮ ನಿಂತಿದೆ. ಸೋಡಿಯಂ ಸಲ್ಫೇಟ್ 32.4 ಡಿಗ್ರಿಗಿಂತ ತಂಪಿನಲ್ಲಿ ಹತ್ತು ಅಣು ನೀರು ಹಿಡಿದುಕೊಂಡು ಹಿಗ್ಗುತ್ತದೆ. ಒಣ ಹರಳಿನ ಮೇಲೆ ತಂಪು ಬೆಳಗಿನಲ್ಲಿ ಪೈಪಿನಿಂದ ನೀರು ಹಾಯಿಸಿದರೆ ಇಟ್ಟಿಗೆಯ ರಂಧ್ರದೊಳಗೇ ಒತ್ತಡ ಹುಟ್ಟಿ ಮೈ ಪದರ ಪದರವಾಗಿ ಉದುರುತ್ತದೆ. ಕರಗಿದ ಉಪ್ಪು ಒಳಗೂ ಸೇರುತ್ತದೆ. ಆಸಿಡ್ ತೊಳೆತ ಇನ್ನೂ ಕೆಟ್ಟದ್ದು: ಸುಣ್ಣದ ಗಾರೆಯೊಡನೆ ಸೇರಿ ಅದು ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಅದು ಗಾಳಿಯಿಂದಲೇ ತೇವ ಸೆಳೆದು ಗೋಡೆಯನ್ನು ಒದ್ದೆಯಾಗಿಡುತ್ತದೆ.

ಹಾಗಾಗಿ ಮೊದಲು ನೀರಿನ ದಾರಿ ಹುಡುಕಬೇಕು. ಬುಡದಿಂದ ಒಂದೆರಡು ಅಡಿ ಎತ್ತರಕ್ಕೆ ಸಮನಾದ ಗೆರೆಯಂತೆ ನಿಂತ ಪಟ್ಟೆಗೆ ನೆಲದ ತೇವ ಕಾರಣ. ಸಜ್ಜೆಯ ಕೆಳಗೆ ಅಥವಾ ಪೈಪಿನ ಸುತ್ತ ಇದ್ದರೆ ಸೋರಿಕೆ. ಅದನ್ನು ಸರಿಪಡಿಸಿ, ಮಾರ್ಚ್‌ನ ಒಣ ಹವೆಯಲ್ಲಿ ನೈಲಾನ್ ಬ್ರಷ್‌ನಿಂದ ಒಣದಾಗಿಯೇ ಉಜ್ಜಬೇಕು. ಉದುರಿದ ಪುಡಿ ಬುಡದಲ್ಲಿ ಬೀಳದಂತೆ ಮೊರದಲ್ಲಿ ಹಿಡಿಯಬೇಕು. ಕಬ್ಬಿಣದ ಬ್ರಷ್ ಬೇಡ, ತುಕ್ಕಿನ ಕಲೆ ಉಳಿಯುತ್ತದೆ. ಒಳಗಿನ ಉಪ್ಪು ತೆಗೆಯಲು ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ತಿರುಳನ್ನು ಬೆರಳು ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತುಹಾಕಬೇಕು. ಕಿತ್ತ ತಿರುಳಿನ ಅದೇ ತೂಕವನ್ನು ಪ್ರತಿ ಸಲ ಅದೇ ಪ್ರಮಾಣದ ಶುದ್ಧ ನೀರಿನಲ್ಲಿ ಕಲಸಿ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ, ಅಂಕಿ ಇಳಿಯುತ್ತಿದೆಯೇ ತಿಳಿಯುತ್ತದೆ. ಇಳಿಯದಿದ್ದರೆ ನೆಲದಿಂದ ಉಪ್ಪು ಇನ್ನೂ ಬರುತ್ತಿದೆ. ಆಗ ಸಿಮೆಂಟ್ ಗಾರೆ ಕಿತ್ತು, ಸುಣ್ಣದ ಗಾರೆ ಹಾಕಿ, ತೇವತಡೆ ಪದರಕ್ಕೆ ಕೈಹಾಕದೆ ವಿಧಿಯಿಲ್ಲ.

ಗಾಳಿ, ನೆಲ, ಸಿಮೆಂಟ್ ಈ ಮೂರರ ಪಾಲು ಎಷ್ಟೆಷ್ಟು ಎಂಬುದನ್ನು ಈ ಲೇಖನ ಬಗೆಹರಿಸಿಲ್ಲ. ಗೋಡೆಯ ಬೇರೆ ಬೇರೆ ಎತ್ತರ ಮತ್ತು ಆಳಗಳಿಂದ ಕೊರೆದ ಪುಡಿಯಲ್ಲಿ ಕ್ಲೋರೈಡ್, ಸಲ್ಫೇಟ್, ನೈಟ್ರೇಟ್‌ಗಳನ್ನು ಬೇರೆಬೇರೆಯಾಗಿ ಅಳೆದರೆ ಮಾತ್ರ ಅದು ತೀರ್ಮಾನವಾಗುತ್ತದೆ.